ಹಿಂದೆ ಸರಿಯುವ ಬ್ಲೇಡು ಹಾಕಿದ ಗಡಿ

1919ರಲ್ಲಿ ಸ್ಪೇನಿನ ಮ್ಯಾಡ್ರಿಡ್ ಹತ್ತಿರದ ಕ್ವಾತ್ರೊ ವಿಯೆಂತೊಸ್ ವಿಮಾನ ನೆಲೆಯಲ್ಲಿ ಮೂರು ಎಂಜಿನ್‌ಗಳ ಒಂದು ದೊಡ್ಡ ಬಾಂಬರ್ ವಿಮಾನ ಪರೀಕ್ಷಾ ಹಾರಾಟದ ವೇಳೆ ನೆಲಕ್ಕೆ ಬಿತ್ತು. ಅದರಲ್ಲಿದ್ದ ಪೈಲಟ್ ಬದುಕಿಕೊಂಡ. ಎಂಜಿನ್‌ಗಳಲ್ಲಿ ದೋಷವಿರಲಿಲ್ಲ. ನೆಲಕ್ಕೆ ಹತ್ತಿರವಾಗಿ ಹಾರುತ್ತಿದ್ದಾಗ ವೇಗ ತೀರಾ ಕಡಿಮೆಯಾಗಿ, ರೆಕ್ಕೆಗಳು ಎತ್ತುಬಲ ಕಳೆದುಕೊಂಡಿದ್ದವು. ವೈಮಾನಿಕರು ಇದನ್ನು ಸ್ಟಾಲ್ ಎನ್ನುತ್ತಾರೆ. ರೆಕ್ಕೆ ಗಾಳಿಗೆ ಒಡ್ಡಿಕೊಳ್ಳುವ ಕೋನ ಒಂದು ಮಿತಿ ದಾಟಿತೆಂದರೆ ಅದರ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗುತ್ತದೆ, ಎತ್ತುಬಲ ಕುಸಿಯುತ್ತದೆ. ಆ ವಿಮಾನವನ್ನು ರೂಪಿಸಿದ್ದವನು ಮುರ್ಸಿಯಾದಲ್ಲಿ ಹುಟ್ಟಿದ ಇಪ್ಪತ್ಮೂರು ವರ್ಷದ ಎಂಜಿನಿಯರ್, ಹ್ವಾನ್ ದೆ ಲಾ ಸಿಯೆರ್ವಾ.

ಸಿಯೆರ್ವಾ ಈ ಅಪಘಾತದಿಂದ ಪಡೆದ ಪಾಠ ಉಳಿದ ವಿನ್ಯಾಸಕಾರರ ಪಾಠದಂತಿರಲಿಲ್ಲ. ರೆಕ್ಕೆಯನ್ನು ಸುಧಾರಿಸುವ ಯೋಚನೆಯನ್ನೇ ಅವನು ಬಿಟ್ಟ. ವಿಮಾನ ನಿಧಾನವಾದರೂ ರೆಕ್ಕೆ ಮಾತ್ರ ವೇಗವಾಗಿಯೇ ಚಲಿಸುತ್ತಿರಬೇಕು, ಆಗ ಸ್ಟಾಲ್‌ನ ಭಯವೇ ಇರುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಹಾಗಾಗಬೇಕಾದರೆ ರೆಕ್ಕೆ ಸುತ್ತಬೇಕು. ಹೀಗೆ ಆಟೋಜೈರೊ ಹುಟ್ಟಿತು. ಮುಂದಿನ ಪ್ರೊಪೆಲ್ಲರ್ ಯಂತ್ರವನ್ನು ಎಳೆಯುತ್ತದೆ. ತಲೆಯ ಮೇಲಿನ ರೋಟರ್‌ಗೆ ಎಂಜಿನ್ನಿನ ಬಲವಿಲ್ಲ, ಅದು ಕೆಳಗಿನಿಂದ ನುಗ್ಗುವ ಗಾಳಿಯಿಂದಲೇ ತಿರುಗುತ್ತ ಯಂತ್ರವನ್ನು ಎತ್ತಿ ಹಿಡಿಯುತ್ತದೆ. ಸ್ಟಾಲ್‌ನಿಂದ ತಪ್ಪಿಸಿಕೊಳ್ಳಲು ಸಿಯೆರ್ವಾ ಹಿಡಿದ ಈ ದಾರಿಯಲ್ಲೇ ಹೆಲಿಕಾಪ್ಟರೂ ಬೆಳೆಯಿತು. ಆದರೆ ಹೆಲಿಕಾಪ್ಟರಿನ ವೇಗಕ್ಕೆ ಕೊನೆಗೆ ಗಡಿ ಹಾಕಿದ್ದೂ ಸ್ಟಾಲೇ. ಅದು ಹೇಗಾಯಿತು ಎಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಮೊದಲು ತೊಡಕನ್ನು ನೋಡೋಣ. ನಿಂತಲ್ಲೇ ತೇಲುತ್ತಿರುವ ಒಂದು ರೋಟರ್ ಊಹಿಸಿಕೊಳ್ಳಿ. ಅದರ ಬ್ಲೇಡುಗಳ ತುದಿ ಸೆಕೆಂಡಿಗೆ 220 ಮೀಟರ್ ವೇಗದಲ್ಲಿ ಸುತ್ತುತ್ತಿದೆ ಎಂದಿಟ್ಟುಕೊಳ್ಳೋಣ. ಗಾಳಿ ಎಲ್ಲ ಕಡೆಯೂ ಒಂದೇ ವೇಗದಲ್ಲಿ ಎದುರಾಗುವುದರಿಂದ ಎತ್ತುಬಲವೂ ಸುತ್ತಲೂ ಸಮ. ಈಗ ಯಂತ್ರ ಸೆಕೆಂಡಿಗೆ 50 ಮೀಟರ್, ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಸಾಗಲಿ. ಒಂದು ಪಕ್ಕದಲ್ಲಿ ಬ್ಲೇಡು ಯಂತ್ರ ಹೋಗುವ ದಿಕ್ಕಿನಲ್ಲೇ ಮುನ್ನುಗ್ಗುತ್ತದೆ. ಅದರ ತುದಿಗೆ ಎದುರಾಗುವ ಗಾಳಿಯ ವೇಗ 270 ಮೀಟರ್. ಇನ್ನೊಂದು ಪಕ್ಕದಲ್ಲಿ ಬ್ಲೇಡು ಬಾಲದ ಕಡೆಗೆ ಹಿಂದೆ ಸರಿಯುತ್ತಿರುತ್ತದೆ. ಅಲ್ಲಿ ಉಳಿಯುವುದು 170 ಮೀಟರ್ ಮಾತ್ರ. ಎತ್ತುಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಕೋನ ಒಂದೇ ಇದ್ದರೆ ಮುನ್ನುಗ್ಗುವ ಬ್ಲೇಡಿನ ತುದಿಯಲ್ಲಿ ಹುಟ್ಟುವ ಬಲ ಇನ್ನೊಂದರದ್ದಕ್ಕಿಂತ ಎರಡೂವರೆ ಪಟ್ಟು. ಒಂದು ಮಗ್ಗುಲಿನಲ್ಲಿ ಎರಡೂವರೆ ಪಟ್ಟು ಎತ್ತುವ ಯಂತ್ರ ಮಗುಚಿಕೊಳ್ಳದೆ ಇನ್ನೇನು ಮಾಡೀತು?

ಸಿಯೆರ್ವಾಗೆ ಇದು ತಿಳಿಯದ್ದೇನಲ್ಲ. 1920ರಲ್ಲಿ ಕಟ್ಟಿದ ಮೊದಲ ಆಟೋಜೈರೊ ಸಿ.1ರಲ್ಲಿ ಅವನು ಒಂದರ ಮೇಲೊಂದರಂತೆ ಎರಡು ರೋಟರ್‌ಗಳನ್ನು ಕೂರಿಸಿ, ಅವು ವಿರುದ್ಧ ದಿಕ್ಕುಗಳಲ್ಲಿ ತಿರುಗುವಂತೆ ಮಾಡಿದ. ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸಲಿ ಎಂಬುದು ಲೆಕ್ಕ. ಆದರೆ ಮೇಲಿನ ರೋಟರ್ ಗಾಳಿಯನ್ನು ಕದಡಿ ಬಿಟ್ಟದ್ದರಿಂದ ಕೆಳಗಿನದು ನಿಧಾನವಾಯಿತು. ಎರಡೂ ಒಂದೇ ವೇಗದಲ್ಲಿ ತಿರುಗದಿದ್ದ ಮೇಲೆ ಸಮತೋಲನವೆಲ್ಲಿಯದು! ಸಿ.1 ಹಾರಲಿಲ್ಲ. ಮುಂದೆ ಒಂದೇ ರೋಟರ್ ಇಟ್ಟು, ಬ್ಲೇಡುಗಳನ್ನು ನಡುಗುಂಬಕ್ಕೆ ಅಲುಗದಂತೆ ಬಿಗಿದು ಎರಡು ಯಂತ್ರಗಳನ್ನು ಕಟ್ಟಿದ. ನೆಲದ ಮೇಲೆ ಓಡಿ ವೇಗ ಹಿಡಿದು ಇನ್ನೇನು ಏಳಬೇಕು ಎನ್ನುವಷ್ಟರಲ್ಲಿ ಎರಡೂ ಪಕ್ಕಕ್ಕೆ ಉರುಳುತ್ತಿದ್ದವು. ದುರಸ್ತಿ ಮಾಡುವುದು, ಮತ್ತೆ ಓಡಿಸುವುದು, ಮತ್ತೆ ಉರುಳುವುದು, ಇದೇ ನಡೆಯಿತು.

ಆಗ ಅವನನ್ನು ಕಾಡಿದ್ದು ಒಂದು ಪುಟ್ಟ ಮಾದರಿ. ರಬ್ಬರ್ ಪಟ್ಟಿಯ ಬಲದಿಂದ ಹಾರುವ ಅವನ ಸಣ್ಣ ಆಟೋಜೈರೊ ಮಗುಚದೆ ನೆಟ್ಟಗೆ ಹಾರುತ್ತಿತ್ತು. ದೊಡ್ಡದು ಉರುಳುತ್ತದೆ, ಅದೇ ಆಕಾರದ ಚಿಕ್ಕದು ಹಾರುತ್ತದೆ, ಯಾಕೆ? ಮಾದರಿಯ ಬ್ಲೇಡುಗಳಿಗೆ ಬಳಸಿದ್ದು ಬಾಗುವ ಬೆತ್ತ. ಮುನ್ನುಗ್ಗುವಾಗ ಅವು ಮೇಲಕ್ಕೆ ಬಾಗುತ್ತಿದ್ದವು, ಹಿಂದೆ ಸರಿಯುವಾಗ ಕೆಳಗಿಳಿಯುತ್ತಿದ್ದವು. ಹೆಚ್ಚುವರಿ ಬಲ ಆ ಬಾಗುವಿಕೆಯಲ್ಲೇ ಕಳೆದುಹೋಗುತ್ತಿತ್ತು, ನಡುಗುಂಬಕ್ಕೆ ತಲುಪುತ್ತಿರಲಿಲ್ಲ. ದೊಡ್ಡ ಯಂತ್ರಕ್ಕೆ ಅಂಥ ಬಾಗುವ ಬ್ಲೇಡು ಅಂದಿನ ಸಾಮಗ್ರಿಯಲ್ಲಿ ಆಗುವ ಮಾತಲ್ಲ. ಆದ್ದರಿಂದ ಬ್ಲೇಡಿನ ಬುಡದಲ್ಲಿ ಅಡ್ಡವಾಗಿ ಒಂದು ಕೀಲನ್ನು ಕೊಟ್ಟು, ಅದು ತನ್ನಷ್ಟಕ್ಕೆ ಏಳಲು, ಇಳಿಯಲು ಬಿಟ್ಟ. ಮ್ಯಾಡ್ರಿಡ್‌ನಲ್ಲಿ ವೆರ್ದಿಯ ‘ಐಡಾ’ ಗೀತನಾಟಕ ನೋಡುತ್ತ ಕುಳಿತಿದ್ದಾಗ ಈ ಕೀಲಿನ ಯೋಚನೆ ಹೊಳೆಯಿತು ಎಂಬ ಕಥೆಯೂ ಪ್ರಚಾರದಲ್ಲಿದೆ. ನನಗೆ ಆ ಕಥೆಗಿಂತ ಬೆತ್ತದ ಮಾದರಿಯೇ ಹೆಚ್ಚು ನಂಬಿಕೆಗೆ ಅರ್ಹ.

ಕೀಲು ಮಾಡುವ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಮುನ್ನುಗ್ಗುವ ಬ್ಲೇಡಿಗೆ ಬಲ ಹೆಚ್ಚಿದಾಗ ಅದು ಮೇಲೇಳುತ್ತದೆ. ಮೇಲೇಳುತ್ತಿರುವ ಬ್ಲೇಡಿಗೆ ಗಾಳಿ ಸ್ವಲ್ಪ ಮೇಲಿನಿಂದ ಬಂದಂತಾಗುತ್ತದೆ. ಅಂದರೆ ಅದು ಗಾಳಿಗೆ ಒಡ್ಡಿಕೊಳ್ಳುವ ಕೋನ ಕಡಿಮೆಯಾಗಿ, ಬಲವೂ ತಗ್ಗುತ್ತದೆ. ಹಿಂದೆ ಸರಿಯುವ ಬ್ಲೇಡು ಕೆಳಗಿಳಿಯುತ್ತದೆ. ಇಳಿಯುವ ಬ್ಲೇಡಿಗೆ ಗಾಳಿ ಕೆಳಗಿನಿಂದ ಬಂದಂತಾಗಿ ಅದರ ಕೋನ ಹೆಚ್ಚುತ್ತದೆ, ಬಲ ಏರುತ್ತದೆ. ಎರಡೂ ಕಡೆಯ ಬಲ ಸಮವಾಗುವವರೆಗೆ ಈ ಏರಿಳಿತ ತಾನೇ ಹೊಂದಿಕೊಳ್ಳುತ್ತದೆ. ಬ್ಲೇಡು ತೀರಾ ಮೇಲಕ್ಕೆ ಮಡಚಿಕೊಳ್ಳದಂತೆ ಸುತ್ತುವಿಕೆಯ ಹೊರಸೆಳೆತವೇ ನೋಡಿಕೊಳ್ಳುತ್ತದೆ. ಪೈಲಟ್ ಏನನ್ನೂ ಮಾಡಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಎರಡೂ ಪಕ್ಕಗಳ ಗಾಳಿಯ ವೇಗದ ವ್ಯತ್ಯಾಸವನ್ನು ಕೀಲು ಅಳಿಸಲಿಲ್ಲ. ಅದನ್ನು ಕೋನದ ವ್ಯತ್ಯಾಸವಾಗಿ ಬದಲಾಯಿಸಿತು, ಅಷ್ಟೆ. ವೇಗದಲ್ಲಿ ಕಡಿಮೆಯಾದದ್ದನ್ನು ಹಿಂದೆ ಸರಿಯುವ ಬ್ಲೇಡು ಕೋನದಲ್ಲಿ ತುಂಬಿಕೊಡಬೇಕಾಯಿತು. ಕೋನಕ್ಕಾದರೋ ಮಿತಿ ಇದೆ, ಆ ಮಿತಿಯ ಹೆಸರೇ ಸ್ಟಾಲ್.

1923ರ ಜನವರಿಯಲ್ಲಿ ಕೀಲುಳ್ಳ ನಾಲ್ಕು ಬ್ಲೇಡುಗಳ ಸಿ.4 ಗೆತಾಫೆ ನೆಲೆಯಲ್ಲಿ ಮೇಲೆದ್ದಿತು. ನಡೆಸಿದವನು ಲೆಫ್ಟಿನೆಂಟ್ ಅಲೆಹಾಂದ್ರೊ ಗೋಮೆಸ್ ಸ್ಪೆನ್ಸರ್. ದಿನಾಂಕದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ: 9 ಎನ್ನುವವರಿದ್ದಾರೆ, 17 ಎನ್ನುವವರೂ ಇದ್ದಾರೆ. ಕೆಲವೇ ದಿನಗಳಲ್ಲಿ, ನೆಲದಿಂದ ಸುಮಾರು ಹತ್ತು ಮೀಟರ್ ಎತ್ತರದಲ್ಲಿದ್ದಾಗ ಎಂಜಿನ್ ಕೈಕೊಟ್ಟಿತು. ಮೂತಿ ಮೇಲೆತ್ತಿದ್ದ ಯಂತ್ರ ಬೀಳದೆ ಮೆಲ್ಲಗೆ ಇಳಿದು ನಿಂತಿತು. 1919ರ ಬಾಂಬರ್ ಇಂಥದ್ದೇ ಸ್ಥಿತಿಯಲ್ಲಿ ಪುಡಿಯಾಗಿತ್ತು. ಜನವರಿ 31ರಂದು ಕ್ವಾತ್ರೊ ವಿಯೆಂತೊಸ್‌ನಲ್ಲಿ ಸಿ.4 ಸುಮಾರು ನಾಲ್ಕು ಕಿಲೋಮೀಟರಿನ ಒಂದು ಸುತ್ತನ್ನೇ ಹಾಕಿತು.

ಕೀಲಿನ ಶ್ರೇಯಸ್ಸು ಯಾರಿಗೆ ಸೇರಬೇಕು ಎಂಬ ವಾದ ಇನ್ನೂ ಕೇಳಿಬರುತ್ತದೆ. ಫ್ರಾನ್ಸಿನ ಷಾರ್ಲ್ ರೆನಾರ್ 1904ರಲ್ಲೇ ಅದನ್ನು ಸೂಚಿಸಿದ್ದ, ಲೂಯಿ ಬ್ರೆಗೆ 1908ರಲ್ಲಿ ಪೇಟೆಂಟ್ ಪಡೆದಿದ್ದ. ಆದರೆ ಅವರ ಕಾಲದ ಹೆಲಿಕಾಪ್ಟರ್‌ಗಳು ನೆಲದಿಂದ ಗೇಣುದ್ದ ಎದ್ದು ನಿಲ್ಲುವುದೇ ದೊಡ್ಡದಾಗಿತ್ತು. ಮುಂದಕ್ಕೆ ಓಡದ ಯಂತ್ರಕ್ಕೆ ಈ ಏರುಪೇರಿನ ಕಾಟವೇ ಇರಲಿಲ್ಲ. ಓಡುತ್ತಲೇ ಹಾರಬೇಕಾಗಿದ್ದ ಆಟೋಜೈರೊಗೆ ಅದು ಮೊದಲ ದಿನವೇ ಎದುರಾಯಿತು, ಅದನ್ನು ಗೆದ್ದು ಹಾರಿಸಿ ತೋರಿಸಿದವನು ಸಿಯೆರ್ವಾ. ಶ್ರೇಯಸ್ಸು ಅವನಿಗೇ ಸಲ್ಲಬೇಕು ಎಂದು ನಾನು ಹೇಳುತ್ತೇನೆ.

1925ರಲ್ಲಿ ಅವನ ಯಂತ್ರ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಪ್ರದರ್ಶನ ಕಂಡಿತು, ಮರುವರ್ಷ ಅಲ್ಲೇ ಕಂಪನಿಯೂ ಆಯಿತು. ಅದೇ 1926ರಲ್ಲಿ ಬ್ರಿಟಿಷ್ ಗಣಿತಜ್ಞ ಹರ್ಮನ್ ಗ್ಲಾವರ್ಟ್ ಆಟೋಜೈರೊದ ಮೊದಲ ಸಮಗ್ರ ಸಿದ್ಧಾಂತ ಪ್ರಕಟಿಸಿದ. ಅದರ ಲೆಕ್ಕಗಳು ತನ್ನ ಯಂತ್ರವನ್ನು ಕಡಿಮೆ ಅಂದಾಜು ಮಾಡಿವೆ ಎಂದು ಸಿಯೆರ್ವಾ ಸಿಟ್ಟಾದ. ಜಗಳ ಏನೇ ಇರಲಿ, ರೋಟರನ್ನು ಕಾಗದದ ಮೇಲೆ ಲೆಕ್ಕ ಹಾಕುವ ವಿದ್ಯೆ ಅಲ್ಲಿಂದ ಶುರುವಾಯಿತು. ಕೀಲು ಮುಂದೆ ಆಟೋಜೈರೊದಿಂದ ಹೆಲಿಕಾಪ್ಟರಿಗೆ ಬಂತು. ಜರ್ಮನಿಯ ಹೆನ್ರಿಕ್ ಫೋಕೆ ಮೊದಲು ಪರವಾನಗಿ ಪಡೆದು ಸಿಯೆರ್ವಾನ ಯಂತ್ರಗಳನ್ನು ಕಟ್ಟಿ, ಅನಂತರವೇ 1936ರಲ್ಲಿ ತನ್ನ ಹೆಲಿಕಾಪ್ಟರ್ ಹಾರಿಸಿದ. ಅದೇ ವರ್ಷದ ಡಿಸೆಂಬರ್ 9ರಂದು ಲಂಡನ್ನಿನ ಕ್ರಾಯ್ಡನ್‌ನಿಂದ ಮಂಜಿನಲ್ಲಿ ಹೊರಟ ಪ್ರಯಾಣಿಕ ವಿಮಾನವೊಂದು ಎತ್ತರಕ್ಕೇರಲಾರದೆ ಮನೆಗಳಿಗೆ ಬಡಿಯಿತು. ಅದರಲ್ಲಿ ಸತ್ತವರಲ್ಲಿ ಸಿಯೆರ್ವಾ ಒಬ್ಬ. ಅವನಿಗಾಗ ನಲವತ್ತೊಂದು ವರ್ಷ.

ಹಿಂದೆ ಸರಿಯುವ ಬ್ಲೇಡಿನ ಮೇಲೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರು ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದವರು. ಅವರ ಉಪಾಯ ಸರಳವಾಗಿತ್ತು. ಬ್ಲೇಡಿನ ಮೇಲ್ಮೈ ಉದ್ದಕ್ಕೂ ದಾರದ ಚಿಕ್ಕ ಚಿಕ್ಕ ಎಳೆಗಳನ್ನು ಅಂಟಿಸಿ, ರೋಟರಿನ ನಡುಗುಂಬದ ಮೇಲೆ ಒಂದು ಕ್ಯಾಮೆರಾ ಕೂರಿಸಿದರು. ಕ್ಯಾಮೆರಾ ರೋಟರಿನ ಜೊತೆಗೇ ಸುತ್ತುತ್ತ ಒಂದೇ ಬ್ಲೇಡನ್ನು ನೋಡುತ್ತಿರುತ್ತದೆ. ಗಾಳಿ ಅಂಟಿಕೊಂಡು ಹರಿಯುವ ಕಡೆ ಎಳೆಗಳು ಅಚ್ಚುಕಟ್ಟಾಗಿ ಹಿಂದಕ್ಕೆ ಮಲಗಿರುತ್ತವೆ. ಸ್ಟಾಲ್ ಆದ ಕಡೆ ಅವು ಎದ್ದು ದಿಕ್ಕೆಟ್ಟು ಕುಣಿಯುತ್ತವೆ. 1930ರ ದಶಕದ ಕೊನೆಯಲ್ಲಿ ಆಟೋಜೈರೊ ಮೇಲೆ ಹೀಗೆ ಚಿತ್ರ ತೆಗೆದಾಗ ಸ್ಟಾಲ್ ಕಂಡದ್ದು ಬ್ಲೇಡಿನ ಬುಡದ ಕಡೆ. 1940ರ ದಶಕದಲ್ಲಿ ಗುಸ್ಟಾಫ್ಸನ್ ಮತ್ತು ಮೈಯರ್ಸ್ ಎಂಬ ಎಂಜಿನಿಯರರು ಸಿಕೋರ್ಸ್ಕಿ ಹೆಲಿಕಾಪ್ಟರ್ ಮೇಲೆ ಅದನ್ನೇ ಮಾಡಿದಾಗ ಎಳೆಗಳು ತುದಿಯ ಕಡೆ ಕುಣಿದವು.

ಈ ವ್ಯತ್ಯಾಸಕ್ಕೆ ಕಾರಣವಿದೆ. ಆಟೋಜೈರೊದಲ್ಲಿ ಗಾಳಿ ರೋಟರಿನ ಕೆಳಗಿನಿಂದ ಮೇಲಕ್ಕೆ ಹಾಯುತ್ತದೆ, ಹೆಲಿಕಾಪ್ಟರಿನಲ್ಲಿ ಮೇಲಿನಿಂದ ಕೆಳಕ್ಕೆ. ಕೆಳಮುಖದ ಗಾಳಿ ನಿಧಾನವಾಗಿ ಸುತ್ತುವ ಬುಡದ ಭಾಗದ ಕೋನವನ್ನು ಹೆಚ್ಚು ತಗ್ಗಿಸುತ್ತದೆ, ವೇಗವಾಗಿ ಸುತ್ತುವ ತುದಿಯದನ್ನು ಕಡಿಮೆ ತಗ್ಗಿಸುತ್ತದೆ. ಹಾಗಾಗಿ ಹೆಲಿಕಾಪ್ಟರಿನ ಹಿಂದೆ ಸರಿಯುವ ಬ್ಲೇಡಿನಲ್ಲಿ ಅತಿ ದೊಡ್ಡ ಕೋನ ತುದಿಯಲ್ಲೇ ಇರುತ್ತದೆ. ಅಲ್ಲಿ ಕೋನ ಸುಮಾರು 12 ಡಿಗ್ರಿ ತಲುಪಿದಾಗ ಎಳೆಗಳು ಅಲುಗಾಡತೊಡಗಿದವು. ಅದಕ್ಕಿಂತ ಕೆಲವು ಡಿಗ್ರಿ ಮುಂದಕ್ಕೆ ಹೋದರೆ ಹೆಲಿಕಾಪ್ಟರ್ ನಡುಗಿ ಹಿಡಿತಕ್ಕೆ ಸಿಗದಂತಾಗುತ್ತಿತ್ತು. ಸಿದ್ಧಾಂತದ ಊಹೆ ಹೀಗೆ ಚಿತ್ರದಲ್ಲಿ ಸಿಕ್ಕಿಬಿತ್ತು, ಎಷ್ಟು ವೇಗಕ್ಕೆ ಗಡಿ ಬರುತ್ತದೆ ಎಂದು ಮುಂಚೆಯೇ ಲೆಕ್ಕ ಹಾಕಲು ಸಾಧ್ಯವಾಯಿತು.

ಪೈಲಟ್‌ಗೆ ಈ ಗಡಿ ತಿಳಿಯುವ ಬಗೆಯೇ ಬೇರೆ. ಮೊದಲು ಇಡೀ ಯಂತ್ರ ಅದುರುತ್ತದೆ. ಆಮೇಲೆ ಮೂತಿ ತಾನಾಗಿ ಮೇಲೇಳುತ್ತದೆ. ಸುತ್ತುವ ಬ್ಲೇಡಿಗೆ ಪಕ್ಕದಲ್ಲಿ ಬಲ ಕುಸಿದರೂ ಅದು ಪೂರ್ತಿ ಕೆಳಗಿಳಿಯುವುದು ಕಾಲು ಸುತ್ತು ಕಳೆದು ಬಾಲದ ಮೇಲೆ ಬಂದಾಗ. ಹೀಗಾಗಿ ರೋಟರ್ ಹಿಂದಕ್ಕೆ ವಾಲುತ್ತದೆ. ಜೊತೆಗೆ ಬ್ಲೇಡು ಹಿಂದೆ ಸರಿಯುವ ಮಗ್ಗುಲಿಗೆ ಯಂತ್ರ ಉರುಳತೊಡಗುತ್ತದೆ. ಅಪಾಯವಿರುವುದು ಈ ಕ್ಷಣದಲ್ಲಿ. ಮೂತಿ ಎದ್ದದ್ದನ್ನು ಕಂಡ ಕೈ ಸಹಜವಾಗಿ ಸ್ಟಿಕ್ಕನ್ನು ಮುಂದಕ್ಕೆ ತಳ್ಳುತ್ತದೆ. ಹಾಗೆ ತಳ್ಳಿದರೆ ಹಿಂದೆ ಸರಿಯುವ ಬ್ಲೇಡಿನ ಕೋನ ಇನ್ನೂ ಹೆಚ್ಚಾಗಿ ಸ್ಟಾಲ್ ಇನ್ನಷ್ಟು ಹರಡುತ್ತದೆ. ಪೈಲಟ್‌ಗಳಿಗೆ ಕಲಿಸುವ ಕ್ರಮವೇ ಬೇರೆ: ಮೊದಲು ಎಡಗೈಯಲ್ಲಿರುವ ಕಲೆಕ್ಟಿವ್ ಲಿವರನ್ನು ತಗ್ಗಿಸಿ ಎಲ್ಲ ಬ್ಲೇಡುಗಳ ಕೋನವನ್ನೂ ಇಳಿಸಬೇಕು, ಆಮೇಲೆ ವೇಗ ಇಳಿಸಬೇಕು.

ಈ ಗಡಿ ಎಲ್ಲ ಕಡೆಯೂ ಒಂದೇ ವೇಗಕ್ಕೆ ಬರುವುದಿಲ್ಲ. ಭಾರ ಹೆಚ್ಚಿದ್ದರೆ, ತಿರುವು ಕಡಿದಾಗಿದ್ದರೆ, ಗಾಳಿ ತೆಳುವಾಗಿದ್ದರೆ ಅದು ಬೇಗನೆ ಎದುರಾಗುತ್ತದೆ, ಏಕೆಂದರೆ ಇವೆಲ್ಲವೂ ಬ್ಲೇಡಿನಿಂದ ಮೊದಲೇ ಹೆಚ್ಚು ಕೋನ ಕೇಳುತ್ತವೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಚೀತಾ ಹೆಲಿಕಾಪ್ಟರ್‌ಗಳು ಸಿಯಾಚಿನ್‌ನ ನೆತ್ತಿಗೆ ಸಾಮಾನು ಹೊತ್ತು ಹೋಗುವಾಗ ಅವುಗಳಿಗೆ ಅನುಮತಿಸಿದ ಗರಿಷ್ಠ ವೇಗ ಬಯಲು ಸೀಮೆಯದಕ್ಕಿಂತ ಕಡಿಮೆ. ಫ್ರೆಂಚ್ ವಿನ್ಯಾಸದ ಅದರ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಆದ್ದರಿಂದ ಅದರಲ್ಲಿ ಹಿಂದೆ ಸರಿಯುವ ಬ್ಲೇಡು ಬಲಗಡೆಯದು, ಅಮೆರಿಕದ ಹೆಲಿಕಾಪ್ಟರ್‌ಗಳಲ್ಲಿ ಎಡಗಡೆಯದು. ಅದೇ ಬೆಂಗಳೂರಿನಲ್ಲಿ ರೂಪುಗೊಂಡು 1992ರ ಆಗಸ್ಟ್‌ನಲ್ಲಿ ಮೊದಲು ಹಾರಿದ ಧ್ರುವ್‌ನಲ್ಲಿ ಕೀಲೇ ಇಲ್ಲ, ಅದರ ನಾರುಸಂಯುಕ್ತದ ಬ್ಲೇಡಿನ ಬುಡವೇ ಬಾಗಿಕೊಂಡು ಕೀಲಿನ ಕೆಲಸ ಮಾಡುತ್ತದೆ. ಆದರೂ ಕೋನದ ಲೆಕ್ಕದಲ್ಲಿ ವಿನಾಯಿತಿ ಏನೂ ಸಿಗುವುದಿಲ್ಲ.

ಹಾಗಾದರೆ ರೋಟರನ್ನೇ ಇನ್ನಷ್ಟು ಜೋರಾಗಿ ಸುತ್ತಿಸಬಾರದೇಕೆ ಎಂದು ಕೇಳಬಹುದು. ಜೋರಾಗಿ ಸುತ್ತಿಸಿದರೆ ಹಿಂದೆ ಸರಿಯುವ ಬ್ಲೇಡಿಗೆ ಅನುಕೂಲ, ನಿಜ. ಆದರೆ ಮುನ್ನುಗ್ಗುವ ಬ್ಲೇಡಿನ ತುದಿ ಶಬ್ದದ ವೇಗದ ಹತ್ತಿರಕ್ಕೆ ಹೋಗಿ, ಅಲ್ಲಿ ಆಘಾತ ಅಲೆಗಳೆದ್ದು ಗಾಳಿಯ ಎಳೆತ ವಿಪರೀತವಾಗುತ್ತದೆ. ನಿಧಾನ ಮಾಡಿದರೆ ಆ ಕಡೆ ಸುಖ, ಈ ಕಡೆ ಸ್ಟಾಲ್. ವಿನ್ಯಾಸಕಾರರು ಈ ಎರಡರ ನಡುವಿನ ಕಿರಿದಾದ ಜಾಗದಲ್ಲೇ ಮೂರು ನಾಲ್ಕು ದಶಕ ಕೆಲಸ ಮಾಡಿದರು.

ಆ ಜಾಗ ಎಷ್ಟು ಕಿರಿದೆಂದು ತೋರಿಸಿದ್ದು 1986ರ ಆಗಸ್ಟ್ 11. ಇಂಗ್ಲೆಂಡಿನ ಸಾಮರ್‌ಸೆಟ್ ಬಯಲಿನ ಮೇಲೆ ವೆಸ್ಟ್‌ಲ್ಯಾಂಡ್ ಕಂಪನಿಯ ಒಂದು ಲಿಂಕ್ಸ್ ಹೆಲಿಕಾಪ್ಟರ್, ಟ್ರೆವರ್ ಎಗಿಂಟನ್ ಕೈಯಲ್ಲಿ, ಗಂಟೆಗೆ 400.87 ಕಿಲೋಮೀಟರ್ ವೇಗ ಮುಟ್ಟಿತು. ಅದಕ್ಕೆ ಮುಂಚಿನ ದಾಖಲೆ ಸೋವಿಯತ್ ಒಕ್ಕೂಟದ್ದು, 368.4 ಕಿಲೋಮೀಟರ್. ಲಿಂಕ್ಸ್‌ನ ಬ್ಲೇಡಿನ ತುದಿ ದೋಣಿಯ ಹುಟ್ಟಿನಂತೆ ಅಗಲವಾಗಿ, ಹಿಂದಕ್ಕೆ ಬಾಗಿತ್ತು. ಹಿಂದಕ್ಕೆ ಬಾಗಿದ ಅಂಚು ಮುನ್ನುಗ್ಗುವಾಗ ಆಘಾತ ಅಲೆಗಳನ್ನು ಮುಂದೂಡುತ್ತಿತ್ತು. ಅಗಲವಾದ ಭಾಗ ಶುರುವಾಗುವ ಕಚ್ಚಿನಿಂದ ಹಿಂದೆ ಸರಿಯುವಾಗ ಒಂದು ಸುಳಿ ಏಳುತ್ತಿತ್ತು, ಆ ಸುಳಿ ಗಾಳಿ ಕಿತ್ತುಹೋಗದಂತೆ ತುದಿಯನ್ನು ಕಾಯುತ್ತಿತ್ತು. ವೆಸ್ಟ್‌ಲ್ಯಾಂಡ್ ಮತ್ತು ಬ್ರಿಟನ್ನಿನ ಸರ್ಕಾರಿ ವೈಮಾನಿಕ ಸಂಸ್ಥೆ ವರ್ಷಗಟ್ಟಲೆ ಒಟ್ಟಾಗಿ ದುಡಿದು ಕಂಡುಕೊಂಡ ಆಕಾರವದು.

ಆ ಹಾರಾಟದ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. 400.87 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 111 ಮೀಟರ್. 12.8 ಮೀಟರ್ ವ್ಯಾಸದ ಲಿಂಕ್ಸ್ ರೋಟರಿನ ತುದಿವೇಗ ಸರಿಸುಮಾರು 220 ಮೀಟರ್. ಮುನ್ನುಗ್ಗುವ ತುದಿಗೆ ಗಾಳಿ 331 ಮೀಟರ್ ವೇಗದಲ್ಲಿ ಎದುರಾಗುತ್ತದೆ. ಶಬ್ದದ ವೇಗ 340. ಹಿಂದೆ ಸರಿಯುವ ತುದಿಗೆ 109. ಕೋನ ಒಂದೇ ಇದ್ದಿದ್ದರೆ ಎರಡರ ಬಲಕ್ಕೂ ಒಂಬತ್ತು ಪಟ್ಟು ಅಂತರ. ಇನ್ನೂ ಒಂದಿದೆ: ಬುಡದ ಕಡೆ ಬ್ಲೇಡು ನಿಧಾನವಾಗಿ ಸುತ್ತುವುದರಿಂದ, ಹಿಂದೆ ಸರಿಯುವ ಬ್ಲೇಡಿನ ಒಳಗಿನ ಅರ್ಧ ಭಾಗ ಹೆಲಿಕಾಪ್ಟರಿನ ವೇಗಕ್ಕಿಂತ ನಿಧಾನ. ಅಲ್ಲಿ ಗಾಳಿ ಬ್ಲೇಡಿನ ಹಿಂಬದಿಯಿಂದ ಬೀಸುತ್ತದೆ, ಅದರಿಂದ ಎತ್ತುಬಲ ಸಿಗುವಂತಿಲ್ಲ. ಉಳಿದರ್ಧ ಬ್ಲೇಡು ಆ ಮಂದಗಾಳಿಯಲ್ಲಿ ಎತ್ತುವಷ್ಟೇ ಬಲವನ್ನು ಎದುರಿನದೂ ಎತ್ತಬಹುದು. ಮುನ್ನುಗ್ಗುವ ಬ್ಲೇಡು ತನ್ನ ಶಕ್ತಿಯನ್ನೆಲ್ಲ ಸುಮ್ಮನೆ ಬಿಟ್ಟುಕೊಟ್ಟು ಅದಕ್ಕೆ ಸಮವಾಗಿ ನಿಲ್ಲಬೇಕು. ಎರಡೂ ಗೋಡೆಗಳು ಒಟ್ಟಿಗೆ ತಾಗಿದ ವೇಗ ಅದು.

ಮುಂದಕ್ಕೆ ಹೋಗಬೇಕೆಂದವರು ಬೇರೆ ದಾರಿ ಹಿಡಿಯಬೇಕಾಯಿತು. ಸಿಕೋರ್ಸ್ಕಿ ಕಂಪನಿ 1973ರಲ್ಲಿ ಹಾರಿಸಿದ ಎಕ್ಸ್‌ಎಚ್-59ಎ ಯಂತ್ರದಲ್ಲಿ ಒಂದರ ಮೇಲೊಂದು, ವಿರುದ್ಧ ದಿಕ್ಕಿಗೆ ಸುತ್ತುವ ಎರಡು ಬಿಗಿಯಾದ ರೋಟರ್‌ಗಳಿದ್ದವು. ಎರಡೂ ಪಕ್ಕದಲ್ಲಿ ಒಂದೊಂದು ಮುನ್ನುಗ್ಗುವ ಬ್ಲೇಡಿದ್ದರೆ ಭಾರವನ್ನು ಅವೇ ಹೊರಲಿ, ಹಿಂದೆ ಸರಿಯುವವು ಸುಮ್ಮನಿರಲಿ ಎಂಬ ತತ್ವ. 1920ರ ಸಿ.1ರಲ್ಲಿ ಸಿಯೆರ್ವಾ ಬಯಸಿದ್ದೂ ಇದನ್ನೇ. ಅವನಲ್ಲಿ ಎರಡು ರೋಟರ್‌ಗಳನ್ನು ಒಂದೇ ವೇಗದಲ್ಲಿ ಸುತ್ತಿಸುವ ಗೇರ್ ಇರಲಿಲ್ಲ, ಒಂದಕ್ಕೊಂದು ತಾಗದಷ್ಟು ಗಟ್ಟಿಯಾದ ಬ್ಲೇಡೂ ಇರಲಿಲ್ಲ. ಅದೇ ತತ್ವದ ಎಕ್ಸ್2, ಹಿಂದೆ ಪ್ರೊಪೆಲ್ಲರ್ ಸೇರಿಸಿಕೊಂಡು, 2010ರ ಸೆಪ್ಟೆಂಬರ್‌ನಲ್ಲಿ 250 ನಾಟ್, ಅಂದರೆ ಗಂಟೆಗೆ 463 ಕಿಲೋಮೀಟರ್ ಮುಟ್ಟಿತು. ಯುರೋಪಿನ ಎಕ್ಸ್3 ಚಿಕ್ಕ ರೆಕ್ಕೆ ಮತ್ತು ಎರಡು ಪ್ರೊಪೆಲ್ಲರ್‌ಗಳಿಗೆ ಕೆಲಸ ಹಂಚಿ, ರೋಟರನ್ನು ನಿಧಾನಗೊಳಿಸಿ, 2013ರಲ್ಲಿ 255 ನಾಟ್ ತಲುಪಿತು. ಇವೆಲ್ಲವೂ ಗೆದ್ದದ್ದು ಹಿಂದೆ ಸರಿಯುವ ಬ್ಲೇಡನ್ನು ಎತ್ತುವ ಕೆಲಸದಿಂದ ಬಿಡಿಸಿದ ಮೇಲೆ. ಒಂದೇ ಮುಖ್ಯ ರೋಟರಿನಿಂದ ಎತ್ತುವುದನ್ನೂ ತಳ್ಳುವುದನ್ನೂ ಮಾಡಿಸುವ ಸಾಂಪ್ರದಾಯಿಕ ಹೆಲಿಕಾಪ್ಟರ್‌ಗಳಲ್ಲಿ ಲಿಂಕ್ಸ್‌ನ 1986ರ ದಾಖಲೆಯನ್ನು ಈವರೆಗೂ ಯಾರೂ ಮುರಿದಿಲ್ಲ.